ಹಾವು ಕಚ್ಚಿದ ಕಾಲಿನ ಕಾಲುಂಗುರ

ಹೊಸಪೇಟೆಯಲ್ಲಿ ನರ್ಸಿಂಗ್ ಓದುವಾಗ ನನ್ನನ್ನು ಗೋಳಾಡಿಸಿದ್ದು 'ಸರಿಯಾದ ಉತ್ತರಗಳೆಲ್ಲಕ್ಕೂ ಗುರುತು ಹಾಕಿ' ಎಂಬ ಪ್ರಶ್ನೆಗಳು. ಒಂದೇ ಸರಿಯೋ, ಎಲ್ಲವೂ ಸರಿಯೋ, ದೇವರೇ ಬಲ್ಲ. ಒಂದು ಸಲ ಬಂದ ಪ್ರಶ್ನೆ: ಕಬ್ಬಿನ ಗದ್ದೆಯಲ್ಲಿ ಹೆಂಗಸೊಬ್ಬಳ ಪಾದಕ್ಕೆ ಹಾವು ಕಚ್ಚಿದೆ, ಆಸ್ಪತ್ರೆಗೆ ತರುವ ಮೊದಲು ಏನೇನು ಮಾಡಬೇಕು? ಕಾಲು ಅಲುಗಾಡದಂತೆ ಇಡುವುದಕ್ಕೆ ಗುರುತು ಹಾಕಿದೆ. ಕಾಲಿಗೆ ಹಗ್ಗ ಬಿಗಿಯುವುದಕ್ಕೂ ಹಾಕಿದೆ. ಹಾವು ಕಚ್ಚಿ ಕಮಲಾಪುರದ ಕಡೆಯಿಂದ ನಮ್ಮ ಆಸ್ಪತ್ರೆಗೆ ಬರುವವರೆಲ್ಲ ಹಗ್ಗ ಕಟ್ಟಿಕೊಂಡೇ ಬರುತ್ತಿದ್ದರಲ್ಲ! ಕಾಲುಂಗುರ ತೆಗೆಯುವುದನ್ನು ಮಾತ್ರ ಬಿಟ್ಟೆ.

ಪಾಠ ಹೇಳುವ ಸಿಸ್ಟರ್ ನನ್ನನ್ನು ಕರೆದರು. "ಹಗ್ಗ ಯಾಕ?"

"ಎಲ್ಲಾರೂ ಕಟ್ತಾರ್ರಿ."

"ಎಲ್ಲಾರೂ ಮಾಡಿದ್ರ ಸರಿ ಆಗಂಗಿಲ್ಲ. ರಕ್ತ ನಿಂತು ಕಾಲೇ ಕೊಳೀತೈತಿ. ಒಂದೊಂದು ಉತ್ತರಾನೂ ಬ್ಯಾರೆ ಬ್ಯಾರೆ ಹಿಡದು ಕೇಳು: ಇದರಿಂದ ಈಕಿಗೆ ಒಳ್ಳೇದೋ, ಕೆಟ್ಟದ್ದೋ? ಕಾಲುಂಗುರ ಯಾಕ ಬಿಟ್ಟಿ?"

"ಮುತ್ತೈದಿ ತೆಗೀಬಾರ್ದ್ರಿ. ಗಂಡಗ ಕೆಟ್ಟದ್ದು."

ಸಿಸ್ಟರ್ ತಮ್ಮ ಕಾಲುಂಗುರದ ಕಡೆ ಒಮ್ಮೆ ನೋಡಿಕೊಂಡು ನಕ್ಕರು. "ಹಾವು ಕಚ್ಚಿದ್ದು ಗಂಡಗಲ್ಲ, ಈಕಿಗೆ. ಕಾಲು ಬಾತು, ಉಂಗುರ ಬಿಗಿದು ಬೆರಳೇ ಹೋದ್ರ, ಆಮ್ಯಾಲ ಕಾಲುಂಗುರ ಎಲ್ಲಿ ಹಾಕ್ತಾಳವ್ವಾ?"