ಗೇಟು ತೆಗೆದಿದ್ದರೆ ಐದು ನಿಮಿಷ

ನಮ್ಮ ಗುರುಪಾದ ಕಾಕಾನಂಥವರು ವ್ಯಾಪಾರ ಹೇಗೆ ಮಾಡಿದರೋ ನನಗೆ ಇವತ್ತಿಗೂ ತಿಳಿದಿಲ್ಲ. ಮಿರಜ ಪೇಟೆಯಲ್ಲಿ ಮೂವತ್ತೆಂಟು ವರ್ಷ ಅರಿಷಿಣ, ಬೆಲ್ಲದ ಅಂಗಡಿ ಇಟ್ಟಿದ್ದರು. ಗಿರಾಕಿ ಕೇಳದಿದ್ದರೂ ಮಾಲಿನ ಐಬು ತಾವೇ ಮೊದಲು ಹೇಳುವವರು. "ಇದು ಹೋದ ವರ್ಷದ್ದೈತ್ರಿ. ಬಣ್ಣ ಐತಿ, ವಾಸನಿ ಕಮ್ಮಿ ಆಗೇತಿ" ಅನ್ನುವರು. ಗಿರಾಕಿ ಪಕ್ಕದ ಅಂಗಡಿಗೆ ಹೋಗಿ ಅದಕ್ಕಿಂತ ಹಳೇ ಮಾಲನ್ನು ಸಂತೋಷದಿಂದ ಕೊಳ್ಳುತ್ತಿದ್ದ. ನಾನು ಸಿಟ್ಟಾಗಿ ಬೈದರೆ, "ಈರೇಶಾ, ಮನಿಗೆ ಹೋಗಿ ಡಬ್ಬಿ ತಗದಾಗ ಅಂವ ನನ್ನ ನೆನಿಸಬಾರದಲೇ" ಅಂತ ನಗುತ್ತಿದ್ದರು.

ನಮ್ಮ ಕಾಕು ಸಂಗವ್ವ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿದರು. ಕಾಕು ಕೊನೆಯ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಆ ದಿನಗಳಲ್ಲಿ ಕಾಕಾ ಕಂಡದ್ದು ಆಸ್ಪತ್ರೆಯ ಮುಂದಿನ ಫುಟ್‌ಪಾತು. ಅಥಣಿ, ಜಮಖಂಡಿ, ಜತ್ತ ಕಡೆಯಿಂದ ರೋಗಿಯನ್ನು ಕರೆತಂದವರು ಪೇಪರ್ ಹಾಸಿ ಅಲ್ಲೇ ಮಲಗುತ್ತಾರೆ, ನಲ್ಲಿಯಲ್ಲಿ ಮುಖ ತೊಳೆಯುತ್ತಾರೆ, ಬಿಸ್ಕೀಟು ತಿಂದು ಒಳಗಿನಿಂದ ಯಾವಾಗ ಕರೆ ಬರುತ್ತದೋ ಅಂತ ಕಾಯುತ್ತಾರೆ. ಕಾಕುವಿನ ದಿವಸದ ಕಾರ್ಯ ಮುಗಿದ ಮರುವಾರವೇ ಕಾಕಾ ಹೇಳಿದರು: "ಹಿತ್ತಲ ಕಡಿ ಖೋಲಿ ಖಾಲಿ ಐತಿ. ಆಸ್ಪತ್ರಿ ಮಂದಿಗೆ ಕೊಡೂಣು."

ಅವರ ಮಗಳು ಅನುಜಾ ಈಗಿನ ಕಾಲದವಳು. ಬೋರ್ಡು ಹಾಕಿದರೆ ಯಾರೂ ನೋಡುವುದಿಲ್ಲ, ಮೊಬೈಲಿನಲ್ಲಿ ಹಾಕಬೇಕು ಅಂದಳು. ಹೋಮ್‌ಸ್ಟೇ ಬುಕಿಂಗ್ ಆಪಿನಲ್ಲಿ ಖಾತೆ ತೆಗೆದಳು. ಒಂದು ರವಿವಾರ ಮೂವರೂ ಕೂತು ಬರೆದೆವು. ಮೇಲಿನ ಹೆಸರು ಐವತ್ತು ಅಕ್ಷರದೊಳಗೆ ಮುಗಿಯಬೇಕು, ಕೆಳಗೆ ವಿವರ ಎಷ್ಟಾದರೂ ಬರೆಯಬಹುದು. ಅನುಜಾ ಮರಾಠಿಯಲ್ಲಿ ಬರೆದು ಓದುತ್ತಿದ್ದಳು, ಕಾಕಾ ಅಂಗಡಿಯಲ್ಲಿ ಕೂತವರಂತೆ ಒಂದೊಂದನ್ನೇ ಪರೀಕ್ಷೆ ಮಾಡುತ್ತಿದ್ದರು.

"ಶಾಂತ ಪರಿಸರ" ಅಂದಳು.

"ಅದನ್ನ ಹೊಡದ್ ಹಾಕು. ರೈಲು ಸೀಟಿ ಹಾಕ್ತಾವು."

"ಇಪ್ಪತ್ನಾಕು ತಾಸು ಬಿಸಿನೀರು."

"ಸೋಲಾರ್ ಐತಿ. ಮುಂಜಾನೆ ಆರರಿಂದ ಒಂಬತ್ತು ಅಂತ ಬರಿ. ಮಳಿಗಾಲದಾಗ ಒಲಿ ಮ್ಯಾಲ ಕಾಸಿ ಕೊಡ್ತೀವಿ ಅಂತ ಬರಿ."

ಎರಡು ಮೆಟ್ಟಿಲು ಹತ್ತಬೇಕು, ಅದನ್ನೂ ಬರೆಸಿದರು. ಪಾಯಖಾನೆ ದೇಶೀ ಒಂದು, ಕುರ್ಚಿಯಂಥದ್ದು ಒಂದು. ಅಡಿಗೆಮನೆ ಉಪಯೋಗಿಸಬಹುದು, ಮಾಂಸ ಬೇಯಿಸುವ ಹಾಗಿಲ್ಲ. ವೈಫೈ ಇದೆ, ಹಿತ್ತಲ ಖೋಲಿಯಲ್ಲಿ ಒಮ್ಮೊಮ್ಮೆ ಸಿಗುವುದಿಲ್ಲ. ಗಾಡಿ ನಿಲ್ಲಿಸಲು ಜಾಗ ಇದೆ, ದೊಡ್ಡ ಕಾರು ಓಣಿಗೆ ಬರುವುದಿಲ್ಲ. ಅನುಜಾ ತಲೆ ಚಚ್ಚಿಕೊಂಡಳು. "ಅಪ್ಪಾ, ಇಷ್ಟ ಬರದ್ರ ಯಾರ ಬರ್ತಾರ?" "ಬರೂವವರು ಬರ್ತಾರ" ಅಂದರು.

ಯಾರಿಗೆ ತಕ್ಕದ್ದು ಅನ್ನುವ ಕಡೆ ಕಾಕಾ ತಾವೇ ಹೇಳಿ ಬರೆಸಿದರು: ಆಸ್ಪತ್ರೆಯಲ್ಲಿ ರೋಗಿ ಇದ್ದವರ ಮನೆಯವರಿಗೆ. ಹಾಗಾದರೆ ಆಸ್ಪತ್ರೆ ಎಷ್ಟು ದೂರ ಅಂತ ಬರೆಯಬೇಕಲ್ಲ? ಅಲ್ಲಿ ನಾನು ಜಾಣನಾದೆ. ಬೈಕ್ ತೆಗೆದೆ, ಅನುಜಾ ಹಿಂದೆ ಮೊಬೈಲಿನಲ್ಲಿ ವೇಳೆ ಹಿಡಿದು ಕೂತಳು. ರೈಲ್ವೆ ಗೇಟು ತೆಗೆದಿತ್ತು, ರಸ್ತೆ ಖಾಲಿ. ಮೂರೂವರೆ ನಿಮಿಷ. ನಾವು ದೊಡ್ಡ ಪ್ರಾಮಾಣಿಕರು ನೋಡಿ, ಒಂದೂವರೆ ನಿಮಿಷ ಸೇರಿಸಿ ಐದು ಮಾಡಿದೆವು.

ನಮ್ಮ ಓಣಿಗೂ ಆಸ್ಪತ್ರೆಗೂ ನಡುವೆ ರೈಲ್ವೆ ಗೇಟು ಇದೆ ಅಂತ ಬರೆಯಲಿಲ್ಲ. ಮುಚ್ಚಿಡಬೇಕು ಅಂತ ನಾನಾಗಲಿ ಅನುಜಾ ಆಗಲಿ ಅಂದುಕೊಂಡಿರಲಿಲ್ಲ. ಮಿರಜ ಜಂಕ್ಷನ್ನಿನ ಮಗ್ಗುಲಲ್ಲಿ ಹುಟ್ಟಿ ಬೆಳೆದವರಿಗೆ ಗೇಟು ಕಣ್ಣಿಗೇ ಬೀಳುವುದಿಲ್ಲ. ಗೇಟು ಬಿದ್ದರೆ ಗಾಡಿ ಬಂದ್ ಮಾಡಿ ನಿಲ್ಲುತ್ತೇವೆ, ಎದುರಿನವನ ಜೊತೆ ಮಾತಾಡುತ್ತೇವೆ, ಎದ್ದಾಗ ಹೋಗುತ್ತೇವೆ. ದೂರ ಎಷ್ಟು ಅಂತ ಕೇಳಿದರೆ ಆ ನಿಂತ ವೇಳೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅನುಜಾ ಹೆಸರು ಇಟ್ಟಳು: "ಮನೆಯಂಥ ಖೋಲಿ, ಆಸ್ಪತ್ರೆಗೆ ಐದು ನಿಮಿಷ." ಒಂದು ವರ್ಷ ಚೆನ್ನಾಗಿ ನಡೆಯಿತು. ಬಂದವರೆಲ್ಲ ಒಳ್ಳೆಯದನ್ನೇ ಬರೆದರು. ಕಾಕಾ ಮತ್ತೆ ನಗುವುದನ್ನು ಕಲಿತರು.

ಹೋದ ಶ್ರಾವಣದಲ್ಲಿ ಕೆಂಪವ್ವ ಬಂದರು. ಜಮಖಂಡಿ ಕಡೆಯ ಊರು, ಗಂಡ ಹೆಂಡತಿ ಇಬ್ಬರೂ ಕೂಲಿ. ಗಂಡ ಶಿದ್ರಾಮನಿಗೆ ಎದೆನೋವು ಬಂದು ಮಿರಜಕ್ಕೆ ತಂದಿದ್ದರು. ಐಸಿಯುದೊಳಗೆ ಹತ್ತಿರದವರನ್ನೂ ಬಿಡುವುದಿಲ್ಲ, ದಿನಕ್ಕೆ ಎರಡು ಸಲ ಒಬ್ಬರಿಗೆ ನೋಡಲು ಅವಕಾಶ. ಕೆಂಪವ್ವ ಎರಡು ದಿನ ಹೊರಗಿನ ಹಾಲ್‌ನ ನೆಲದ ಮೇಲೆಯೇ ಇದ್ದರು. ಪುಣೆಯಲ್ಲಿ ಕೆಲಸ ಮಾಡುವ ಮಗಳು ಕಾಜಲ ಬಂದು ನೋಡಿ, ಅವ್ವನೇ ಬೀಳುತ್ತಾಳೆ ಅಂತ ಹೆದರಿ, ಮೊಬೈಲಿನಲ್ಲಿ ಹುಡುಕಿ ನಮ್ಮ ಖೋಲಿ ಬುಕ್ ಮಾಡಿದಳು. ಐದು ನಿಮಿಷ ಅಂತ ಇತ್ತಲ್ಲ, ಅದಕ್ಕೆ.

ಮುಂಜಾನೆ ಎಂಟೂವರೆಗೆ ತಾಯಿಯನ್ನು ರಿಕ್ಷಾದಲ್ಲಿ ತಂದು ಬಿಟ್ಟು, ತಾನು ಅದೇ ರಿಕ್ಷಾದಲ್ಲಿ ಆಸ್ಪತ್ರೆಗೆ ತಿರುಗಿದಳು. ಬರುವಾಗ ಗೇಟು ತೆಗೆದೇ ಇತ್ತು. ಕೆಂಪವ್ವ ಹೊಸ್ತಿಲಲ್ಲೇ ನಿಂತು ಕಾಕಾನನ್ನು ಕೇಳಿದರಂತೆ. ನಾನು ಆಗ ಬುಧಗಾಂವಕ್ಕೆ ಕೆಲಸದ ಮೇಲೆ ಹೋಗಿದ್ದೆ, ಇದೆಲ್ಲ ಅನುಜಾ ಹೇಳಿದ್ದು.

"ಯಣ್ಣಾ, ಕರದ್ರ ಐದು ಮಿನಿಟಿನ್ಯಾಗ ಮುಟ್ಟತೇನಿಲ್ರಿ? ಇಲ್ಲಂದ್ರ ನಾ ಅಲ್ಲೇ ಕುಂದರತೇನಿ. ಜಳಕಾ ಏನ್ ಮಾಡೂದೈತಿ."

"ಮುಟ್ಟತೀ ತಂಗಿ" ಅಂದರು ಕಾಕಾ. "ಜಳಕಾ ಮಾಡು, ಬಿಸಿನೀರು ಐತಿ. ಎರಡ್ ತುತ್ತು ಉಣ್ಣು. ಐದ ಮಿನಿಟಿನ ದಾರಿ."

ಹತ್ತಕ್ಕೆ ಹತ್ತು ನಿಮಿಷ ಇರುವಾಗ ಕಾಜಲಳ ಫೋನು ಬಂತು. ಅಪ್ಪನಿಗೆ ಒಮ್ಮೆಲೇ ಹೆಚ್ಚಾಗಿದೆ, ಡಾಕ್ಟರು ಮನೆಯವರನ್ನು ಒಳಗೆ ಕರೆಯುತ್ತಿದ್ದಾರೆ, ಅಪ್ಪ ನಿನ್ನನ್ನೇ ಕೇಳುತ್ತಿದ್ದಾನೆ. ಕೆಂಪವ್ವ ಊಟದ ತಾಟಿನ ಮುಂದಿನಿಂದ ಎದ್ದು, ಕೈ ಸಹ ತೊಳೆಯದೆ ಓಡಿದರು. ಕಾಕಾ ಚಪ್ಪಲಿಯಿಲ್ಲದೆ ಹಿಂದೆ ಓಡಿದರು, ಅವರ ಹಿಂದೆ ಅನುಜಾ. ಗೇಟು ಬಿದ್ದಿತ್ತು. ಗೂಡ್ಸ್ ಗಾಡಿಯೊಂದು ಸಿಗ್ನಲ್ ಸಿಗದೆ ರಸ್ತೆಗೆ ಅಡ್ಡ ನಿಂತಿತ್ತು.

ಗೇಟಿನ ಕೆಳಗೆ ನುಸುಳಬಹುದು, ನಾವೆಲ್ಲ ನುಸುಳಿದವರೇ. ನಿಂತ ಗಾಡಿಯ ಕೆಳಗೆ ನುಸುಳುವುದು ಹೇಗೆ? ಕೆಂಪವ್ವ ಅದಕ್ಕೂ ತಯಾರಾದರು. ಸೀರೆ ಸಿಕ್ಕಿಸಿಕೊಂಡು ಎರಡು ಡಬ್ಬಿಗಳ ನಡುವೆ ಬಗ್ಗಿದರು. ಕಾಕಾ ಎರಡೂ ಕೈಯಿಂದ ಅವರ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ಅದು ಸರಿಯೇ. ಆ ಗಾಡಿ ಯಾವ ಗಳಿಗೆಯಲ್ಲಿ ಹೊರಡುತ್ತದೋ ಯಾರು ಬಲ್ಲರು. ಆದರೆ ಮೇಲ್ಸೇತುವೆಯ ಕಡೆಯಿಂದ ಸುತ್ತು ಹಾಕಿ ಹೋಗಬಹುದಿತ್ತು, ರಿಕ್ಷಾದಲ್ಲಿ ಕಾಲು ತಾಸು. ಕಾಕಾ ಹಾಗೆ ಮಾಡಲಿಲ್ಲ. "ಈಗ ಹೋಗ್ತೈತಿ ತಂಗಿ, ಈಗ ಬಿಡ್ತಾನ" ಅಂತ ಹೇಳುತ್ತಲೇ ಇದ್ದರು. ಅಲ್ಲಿ ನಿಂತವರೆಲ್ಲ ಅದನ್ನೇ ಹೇಳುತ್ತಿದ್ದರು. ನಮ್ಮೂರಲ್ಲಿ ಗೇಟಿನ ಮುಂದೆ ನಿಂತವನು ಎಂದೂ ಸುತ್ತು ಹಾಕುವುದಿಲ್ಲ. ಸುತ್ತು ಹಾಕಿದ ಕೂಡಲೇ ಗೇಟು ಏಳುತ್ತದೆ ಅನ್ನುವುದು ನಮ್ಮ ಹಾಳು ನಂಬಿಕೆ.

ಕಾಜಲ ಮತ್ತೆ ಫೋನು ಮಾಡಿದಳು. ನರ್ಸ್ ದಯೆ ತೋರಿ ಮೊಬೈಲನ್ನು ಶಿದ್ರಾಮನ ಕಿವಿಗೆ ಹಿಡಿಯಲು ಬಿಟ್ಟಿದ್ದರು. ಕೆಂಪವ್ವ ಗಾಡಿಯ ಕಡೆ ಮುಖ ಮಾಡಿ, ಆಚೆಯ ಗಂಡನಿಗೆ ನೇರವಾಗಿಯೇ ಕೇಳಿಸಬೇಕು ಅನ್ನುವ ಹಾಗೆ ಕೂಗಿದರು. "ಬಂದ್ನಿ! ಬಂದೇ ಬಿಟ್ಟೇನಿ, ಇಲ್ಲೇ ಅದೇನಿ. ಗೇಟ್ ಬಿದ್ದೈತಿ, ಸ್ವಲ್ಪ ತಡೀರಿ!"

ಇಪ್ಪತ್ತಾರು ನಿಮಿಷ ನಿಂತಿತ್ತು ಆ ಗಾಡಿ. ಇವರು ಮುಟ್ಟುವ ಹೊತ್ತಿಗೆ ಶಿದ್ರಾಮನ ಮೈಮೇಲಿನ ವಯರುಗಳನ್ನು ತೆಗೆಯುತ್ತಿದ್ದರು. ಕೆಂಪವ್ವನ ಬಲಗೈಯಲ್ಲಿ ಒಣಗಿದ ಅನ್ನ ಇತ್ತು. ಅದನ್ನು ಸೆರಗಿಗೆ ಒರಸಿಕೊಂಡು ಗಂಡನ ಮುಖ ಮುಟ್ಟಿದರು ಅಂತ ಅನುಜಾ ಹೇಳಿದಳು. ಮುಂದೆ ಕೇಳುವ ಧೈರ್ಯ ನನಗೆ ಇರಲಿಲ್ಲ. ಮೂರೂವರೆ ನಿಮಿಷದ ಬೈಕು ನನ್ನದೇ ಅಲ್ಲವೇ?

ಬೈದಿದ್ದರೆ ಚಲೋ ಇತ್ತು. ಕೆಂಪವ್ವ ಬೈಯಲಿಲ್ಲ. ಗಂಟು ತೆಗೆದುಕೊಂಡು ಹೋಗಲು ಬಂದಾಗ ಹಾಸಿಗೆ ಮಡಿಚಿಟ್ಟು, ಉಂಡ ತಾಟು ತೊಳೆದಿಟ್ಟು, "ನನ್ನ ನಸೀಬ ರೀ ಯಣ್ಣಾ, ನೀವ್ ಏನ್ ಮಾಡ್ತೀರಿ" ಅಂತ ಕಾಕಾನ ಕಾಲು ಮುಟ್ಟಲು ಬಗ್ಗಿದರು. ಕಾಕಾ ಹಾವು ತುಳಿದವರಂತೆ ಹಿಂದೆ ಸರಿದರು.

ನಾಲ್ಕನೆಯ ದಿನ ಅನುಜಾಳನ್ನು ಕೂರಿಸಿ ಎಲ್ಲವನ್ನೂ ಹೊಸದಾಗಿ ಬರೆಸಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹೆಸರು: "ರೈಲ್ವೆ ಗೇಟಿನ ಆಚೆಯ ಖೋಲಿ, ಮಿರಜ." ವಿವರದ ಮೊದಲ ಸಾಲು: ಆಸ್ಪತ್ರೆಗೆ ನಡೆದು ಇಪ್ಪತ್ತು ನಿಮಿಷ, ಗೇಟು ಬಿದ್ದರೆ ಮುಕ್ಕಾಲು ತಾಸೂ ಆಗಬಹುದು, ದಿನಕ್ಕೆ ಎಷ್ಟೋ ಸಲ ಬೀಳುತ್ತದೆ. ಯಾರಿಗೆ ತಕ್ಕದ್ದು ಅನ್ನುವ ಕಡೆ ಹೀಗೆ ಬರೆಸಿದರು: ರೈಲು ಹಿಡಿಯುವವರಿಗೆ, ಪರೀಕ್ಷೆ ಬರೆಯಲು ಬಂದವರಿಗೆ, ಲಗ್ನಕ್ಕೆ ಬಂದವರಿಗೆ. "ರೋಗಿ ಐಸಿಯುದಲ್ಲಿ ಇದ್ದವರು ದಯಮಾಡಿ ಈ ಮನೆ ತೆಗೆದುಕೊಳ್ಳಬೇಡಿ."

ಯಾರಿಗಾಗಿ ಖೋಲಿ ತೆರೆದಿದ್ದರೋ ಅವರನ್ನೇ ಬರಬೇಡಿ ಅಂತ ಬರೆಸಿದರು. ಅನುಜಾ ಅಳುತ್ತ ಬರೆದಳು.

ಆಪಿನಲ್ಲಿ ಅತಿಥಿಗೆ ಅಭಿಪ್ರಾಯ ಬರೆಯಲು ಹದಿನಾಲ್ಕು ದಿನ ಕೊಡುತ್ತಾರೆ. ನಾವು ಕಾಜಲಳನ್ನು ಏನೂ ಕೇಳಲಿಲ್ಲ. ಗಡುವು ಮುಗಿದ ಮೇಲೆ ಅವಳು ಬರೆದದ್ದು ಕಾಣಿಸಿತು. ಸ್ವಚ್ಛತೆಗೆ ಐದು ನಕ್ಷತ್ರ, ಮನೆಯವರಿಗೆ ಐದು, ವಿವರ ಖರೆ ಇತ್ತೇ ಅನ್ನುವಲ್ಲಿ ಒಂದು. ಕೆಳಗೆ ಹೀಗಿತ್ತು: "ಒಳ್ಳೆಯ ಜನ. ಕಾಕಾ ನಮ್ಮೊಂದಿಗೆ ಅತ್ತರು. ಅವರಿಗೆ ಗೇಟಿನ ಮಾತು ನೆನಪಾಗಿರಲಿಕ್ಕಿಲ್ಲ. ಅವ್ವ ಅವರನ್ನು ಬೈಯಬೇಡ ಅಂದಿದ್ದಾಳೆ."

ಮನೆಯವರು ಅದರ ಕೆಳಗೆ ಉತ್ತರ ಬರೆಯಬಹುದು, ಜಗತ್ತೆಲ್ಲ ಓದುತ್ತದೆ. ನಾನು ಕ್ಷಮಿಸಿ ಅಂತ ಎರಡು ಸಾಲು ಸಾಕು ಅಂದೆ. ಕಾಕಾ ಒಪ್ಪಲಿಲ್ಲ. ತಾವು ಹೇಳಿದ್ದನ್ನು ಒಂದಕ್ಷರ ಬಿಡದೆ ಟೈಪ್ ಹೊಡೆಯಲು ಹೇಳಿದರು. ಹೊಡೆಯುತ್ತ ನನ್ನ ಬೆರಳು ನಿಂತಿತು.

"ಕಾಕಾ, ಇದನ್ನ ಬರೀಬ್ಯಾಡ್ರಿ. ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ."

"ಹೊಡಿ" ಅಂದರು.

ಹೊಡೆದೆ. ಈಗಲೂ ಅದು ಅಲ್ಲೇ ಇದೆ, ಯಾರು ಬೇಕಾದರೂ ಓದಬಹುದು: "ಕಾಜಲ, ಬರೆಯುವಾಗ ನನಗೆ ಗೇಟು ನೆನಪಿರಲಿಲ್ಲ, ಅದು ಖರೆ. ನಿಮ್ಮ ತಾಯಿ ಹೊಸ್ತಿಲ ಮೇಲೆ ನಿಂತು ಕೇಳಿದಾಗ ನೆನಪಾಯಿತು. ಹೇಳಿದರೆ ಅವರು ಹೊಳ್ಳಿ ಹೋಗಿ ನೆಲದ ಮೇಲೆ ಕೂಡುತ್ತಾರಲ್ಲ, ಎರಡು ತುತ್ತು ಉಣ್ಣಲಿ ಅಂತ ಗೇಟಿನ ಮಾತು ನಾನು ಹೇಳಲಿಲ್ಲ."