ಮಾರಿದ್ದು ಐವತ್ತೊಂದು, ನಿಲ್ಲಿಸಿದವ ಒಬ್ಬ

ಒಬ್ಬನ ಕೈ ಎಣ್ಣೆಯಾದರೆ ನಾಲ್ವರ ಬಾಯಿ ಮೊಸರು. ಗಾದೆ ಹಾಗಲ್ಲ ಎನ್ನುವವರು ಶಿರಸಿಯ ಹೊಲಿಗೆ ಮಷಿನ್ ಏಜೆನ್ಸಿಯ ಅಂಗಳಕ್ಕೆ ಬಂದು ನೋಡಲಿ, ಹೇಳುವುದು ನಡೆದದ್ದೇ.

ಬೆಳಗಿನ ಬಿಸಿಲೇರುವ ಹೊತ್ತು. ರಿಪೇರಿಯ ಮುನವ್ವರ್ ಮಷಿನ್ನಿನ ಗಾಲಿ ತಿರುವುತ್ತ ಕಿವಿಗೊಟ್ಟು ಕೂತಿದ್ದಾನೆ, ವೈದ್ಯ ನಾಡಿ ಹಿಡಿದ ಹಾಗೆ. ಅಂಗಳದಲ್ಲಿ ಇಂದು ಸಡಗರ. ೧೯೩೬ರ ಗುರಿ ನಲವತ್ತೆಂಟು ಮಷಿನ್. ಶಿರಸಿ, ಸಿದ್ದಾಪುರ, ಯಲ್ಲಾಪುರ ಸುತ್ತಿದ ನಾಲ್ವರು ಮಾರಾಟಗಾರರು ಮಾರಿದ್ದು ಐವತ್ತೊಂದು. ಆ ಸಂತೋಷಕ್ಕೆ ಫೋಟೋ. ಮುನವ್ವರನನ್ನೂ ಕರೆದರು, ಎರಡು ಸಲ. ಅವನು ಎಣ್ಣೆ ಅಂಗಿ ತೋರಿಸಿ ಒಳಗೇ ಉಳಿದ. ಮನಸ್ಸಿಲ್ಲವೆಂದಲ್ಲ, ಮನೆಯ ಗೋಡೆಗೆ ಅಂಥದೊಂದು ಫೋಟೋ ಬೇಕೆಂದು ಹೆಂಡತಿ ಖತೀಜಾಳ ಹತ್ತಿರ ಅವನೇ ಹೇಳಿದ್ದುಂಟು. ಆದರೆ ಕೋಟಿನವರ ನಡುವೆ ಹೇಗೆ ನಿಲ್ಲುವುದು?

ಕಂಪನಿಯ ನಿಯಮ ಬಿಗಿ: ಮೂವತ್ತು ದಿನದೊಳಗೆ ವಾಪಸಾದ ಮಷಿನ್ ಮಾರಾಟವೇ ಅಲ್ಲ. ಡಿಸೆಂಬರಿನ ಚಳಿಯಲ್ಲಿ ಐದು ಮಷಿನ್ ಒಟ್ಟಿಗೇ ಹಟ ಹಿಡಿದವು. ಹೊಸದಾಗಿ ಕೊಂಡವರು ಪ್ರೀತಿಯಿಂದ ತೆಂಗಿನೆಣ್ಣೆ ಬಿಟ್ಟಿದ್ದರು. ಅದು ಒಳಗೇ ಹೆಪ್ಪುಗಟ್ಟಿತ್ತು. ಐದೂ ಹಿಂದೆ ಬಂದಿದ್ದರೆ ಉಳಿಯುವುದು ನಲವತ್ತಾರು, ಗುರಿಗೆ ಎರಡು ಕಡಿಮೆ. ಮುನವ್ವರ್ ಸೀಮೆಎಣ್ಣೆ ಬಾಟ್ಲಿ ಹಿಡಿದು ಮೋಟಾರು ಹತ್ತಿದ. ಜಿಡ್ಡು ತೊಳೆದ, ಒರೆಸಿದ, ತೂತು ತೂತಿಗೆ ಮಷಿನ್ ಎಣ್ಣೆ ಹನಿಸಿದ. ಕಿರವತ್ತಿಯ ಗಿರಿಜವ್ವ ಬೈಯಲು ಬಾಯಿ ತೆರೆದಾಗ ಇಷ್ಟೇ ಹೇಳಿದನಂತೆ: "ತೆಂಗಿನೆಣ್ಣೆ ತಲೆಗೆ ಅವ್ವಾ. ಇದಕ್ಕೆ ಕೂದಲಿಲ್ಲ."

ಅಂಗಳದಲ್ಲಿ ಏಜೆಂಟ್ ಸೀತಾರಾಮ ಹೆಗಡೆಯವರು ನಾಲ್ವರಿಗೂ ಹಾರ ಹಾಕುತ್ತಾರೆ. ಮಾರಿದ್ದು ನೀವು, ಖರೆ. ಮಾರಿದ್ದನ್ನು ವಾಪಸಾಗದಂತೆ ನಿಲ್ಲಿಸಿದವ ಒಳಗೆ ಕೂತಿದ್ದಾನೆ, ಅವನಿಲ್ಲದೆ ಎಂತಾ ಫೋಟೋ ಎನ್ನುತ್ತಾರೆ. ಊರಿನವರೆಲ್ಲರ ಗಂಟಲನ್ನೂ ಅನುಕರಿಸುವ ಮಾರಾಟಗಾರ ಕಮಲಾಕರ ಕಣ್ಣು ಮಿಟುಕಿಸಿ ಬಾಗಿಲ ಮರೆಗೆ ಸರಿಯುತ್ತಾನೆ.

"ಸಾಹೇಬ್ರ, ಗಾಲಿ ತಿರಗತೈತಿ, ಸೂಜಿ ಕುಂತಲ್ಲೇ ಕುಂತೈತಿ. ನಿಮ್ಮ ಮಷಿನ್ ನೀವ ಇಟ್ಕೋರಿ!"

ಗಿರಿಜವ್ವನದೇ ದನಿ. ಅವಳ ಮೂವತ್ತು ದಿನ ಮುಗಿಯಲು ಇನ್ನೂ ವಾರವಿದೆ. ಮುನವ್ವರ್ ಎಣ್ಣೆ ಡಬ್ಬಿ ಹಿಡಿದು ಓಡಿ ಬಂದ. ಕುರ್ಚಿಗಳ ನಡುವೆ ಸ್ಟೂಲಿನ ಮೇಲೆ ಮಷಿನ್. ಸುತ್ತ ಯಾರಿದ್ದಾರೆಂದೂ ನೋಡದೆ ಬಾಗಿದ, ಗಾಲಿ ತಿರುವಿದ, ಸೂಜಿ ಕದಲಲಿಲ್ಲ. ಬೆರಳು ನೇರ ಗಾಲಿಯ ನಡುವಿನ ತಿರುಪಿಗೆ ಹೋಯಿತು. ಬಾಬಿನ್‌ಗೆ ನೂಲು ಸುತ್ತುವಾಗ ಸೂಜಿ ಆಡದಿರಲೆಂದು ಸಡಿಲಿಸುವ ತಿರುಪು ಅದು. ಯಾರೋ ಬೇಕೆಂದೇ ಸಡಿಲಿಸಿದ್ದಾರೆ.

"ಇದು ಗಿರಿಜವ್ವನ ಕೈ ಅಲ್ಲ," ಎಂದ. "ಇದು ನಮ್ಮವರದೇ ಕೈ."

ತಲೆಯೆತ್ತಿದರೆ ಎದುರಿಗೆ ಕ್ಯಾಮರಾ, ಎಡಬಲಕ್ಕೆ ಹಾರದ ನಾಲ್ವರು, ಭುಜದ ಮೇಲೆ ಹೆಗಡೆಯವರ ಕೈ. ಅಲ್ಲಾಡಬೇಡಿ ಎಂದ ಫೋಟೋದವ.

ಆ ಫೋಟೋ ಈಗ ಎರಡು ಗೋಡೆಯ ಮೇಲಿದೆ, ಏಜೆನ್ಸಿಯಲ್ಲೊಂದು, ಖತೀಜಾಳ ಮನೆಯಲ್ಲೊಂದು. ಐದು ಮುಖ ಕಡೆದಿಟ್ಟಂತೆ ಸ್ಪಷ್ಟ. ನಡುವಿನ ಆರನೆಯದು, ಮುನವ್ವರನದು ಮಾತ್ರ ಮಸುಕು, ಅಷ್ಟು ಕುಲುಕಿ ನಕ್ಕಿದ್ದಾನೆ.