ಸುಗಂಧಾಳ ಹದಿನಾಲ್ಕನೆಯ ಚತುರ್ದಶಿ

ಚಿಕ್ಕೋಡಿಯ ಸುಗಂಧಾ ಹಿಡಿದದ್ದನ್ನು ಬಿಡುವ ಪೈಕಿ ಅಲ್ಲ. ಮದುವೆಯಾದ ವರ್ಷ ಜೈನರ ಅನಂತ ನೋಂಪಿಯ ವ್ರತ ಹಿಡಿದಳು. ಹದಿನಾಲ್ಕು ವರ್ಷ, ಭಾದ್ರಪದ ಶುಕ್ಲ ಚತುರ್ದಶಿಯಂದು ಉಪವಾಸ, ಪೂಜೆ, ಜಪ. ಒಂದು ವರ್ಷ ತಪ್ಪಿದರೂ ಮತ್ತೆ ಮೊದಲಿನಿಂದ ಎಂದು ಅತ್ತೆ ಹೇಳಿಟ್ಟಿದ್ದರು. ನರ್ಸ್ ಕೆಲಸಕ್ಕೆಂದು ಲಂಡನ್ನಿಗೆ ಹೋದ ಮೇಲೂ ಬಿಡಲಿಲ್ಲ ಪುಣ್ಯಾತ್ಗಿತ್ತಿ. ತೊಂಬತ್ತರ ದಶಕದ ಆ ವರ್ಷ ಹದಿನಾಲ್ಕನೆಯದು, ಕೊನೆಯದು.

ಊರಿನಿಂದ ತಂದ ಕ್ಯಾಲೆಂಡರು ನೋಡಿ, ಸೆಪ್ಟೆಂಬರ್ ಇಪ್ಪತ್ನಾಲ್ಕಕ್ಕೆ ಆರು ವಾರ ಮೊದಲೇ ರಜೆ ಬರೆದುಕೊಟ್ಟಳು. ಅಲ್ಲೇ ಎಡವಿದ್ದು! ಆ ಕ್ಯಾಲೆಂಡರು ಚಿಕ್ಕೋಡಿಯ ಸೂರ್ಯನಿಗೆ ಸರಿ, ಲಂಡನ್ನಿನ ಸೂರ್ಯನಿಗಲ್ಲ.

ಹಬ್ಬಕ್ಕೆ ಐದು ದಿನವಿದ್ದಾಗ ಊರಿನ ಬಸದಿಯ ಪುರೋಹಿತ ಜಿನ್ನಪ್ಪ ಉಪಾಧ್ಯೆಯವರ ಪತ್ರ ಬಂತು. "ತಂಗಿ, ಚತುರ್ದಶಿ ನಮ್ಮಲ್ಲಿ ಇಪ್ಪತ್ಮೂರಕ್ಕ ಮುಂಜಾನೆ ಎಂಟೂವರೆಗೆ ಹತ್ತತೈತಿ, ಇಪ್ಪತ್ನಾಲ್ಕಕ್ಕ ಒಂಬತ್ತೂವರೆಗೆ ಮುಗೀತೈತಿ. ನಿಮ್ಮ ಗಡಿಯಾರಕ್ಕ ಹೊಂದಿಸಿ, ಅಲ್ಲಿ ಸೂರ್ಯ ಹುಟ್ಟುವಾಗ ಯಾವ ತಿಥಿ ಐತಿ ನೋಡವ್ವಾ. ಅದೇ ಆ ದಿನದ ತಿಥಿ."

ಸುಗಂಧಾ ಲೆಕ್ಕ ಹಾಕಿದಳು. ಚಳಿಗಾಲದಲ್ಲಾದರೆ ಲಂಡನ್ ಐದೂವರೆ ತಾಸು ಹಿಂದೆ, ಸೆಪ್ಟೆಂಬರಿನಲ್ಲಿ ನಾಲ್ಕೂವರೆ. ಅಂದರೆ ತಿಥಿ ಇಪ್ಪತ್ಮೂರರ ನಸುಕಿನ ನಾಲ್ಕಕ್ಕೆ ಶುರು, ಇಪ್ಪತ್ನಾಲ್ಕರ ಐದಕ್ಕೆ ಮುಗಿತಾಯ. ಪತ್ರಿಕೆಯ ಪ್ರಕಾರ ಅಲ್ಲಿ ಸೂರ್ಯ ಹುಟ್ಟುವುದು ಏಳಕ್ಕೆ ಹತ್ತು ನಿಮಿಷವಿದ್ದಾಗ. ರಜೆಯ ದಿನ ಹೊತ್ತು ಮೂಡುವಾಗ ಹುಣ್ಣಿಮೆಯೇ ಹತ್ತಿರುತ್ತದೆ! ನೋಂಪಿ ಇಪ್ಪತ್ಮೂರಕ್ಕೆ, ಅವತ್ತೇ ಅವಳಿಗೆ ಹಗಲು ಡ್ಯೂಟಿ.

ಹೊಟ್ಟೆನೋವೆಂದು ಫೋನು ಮಾಡಿದರಾಯಿತು ಎಂದಿತು ಮನಸ್ಸು. ಛೇ, ನೋಂಪಿಗಾಗಿ ಸುಳ್ಳೇ? ನೇರ ವಾರ್ಡಿನ ಮುಖ್ಯ ನರ್ಸಿನ ಮುಂದೆ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದಳು.

"ಪಾಳಿಯ ಪಟ್ಟಿ ಆಗಿಹೋಗಿದೆ. ಯಾರಾದರೂ ಅದಲುಬದಲು ಮಾಡಿಕೊಂಡರೆ ಸಹಿ ಹಾಕುತ್ತೇನೆ," ಎಂದಳು ಆಕೆ.

ಇಪ್ಪತ್ಮೂರಕ್ಕೆ ಬಿಡುವಿದ್ದದ್ದು ಅದೇ ವಾರ್ಡಿನ ಐರ್ಲೆಂಡಿನ ನರ್ಸ್ ಮೊರೀನ್ ಒಬ್ಬಳಿಗೇ. ಇಬ್ಬರ ನಡುವೆ ನಮಸ್ಕಾರಕ್ಕಿಂತ ಹೆಚ್ಚಿನ ಮಾತಿರಲಿಲ್ಲ. ಸುಗಂಧಾ ಅಳುಕುತ್ತಲೇ ಕೇಳಿದಳು.

"ಹದಿಮೂರು ವರ್ಷ ಮಾಡಿದ್ದೀಯಾ?" ಮೊರೀನ್ ಕಣ್ಣರಳಿಸಿದಳು. "ಅವತ್ತು ತಂಗಿಯ ಮನೆಗೆ ಹೋಗುವವಳಿದ್ದೆ. ಮರುದಿನ ಹೋಗುತ್ತೇನೆ. ನನ್ನ ಇಪ್ಪತ್ನಾಲ್ಕರ ಪಾಳಿ ನೀನು ಮಾಡು."

ಸುಗಂಧಾ ಆಗಲೇ ಹೋಗಿ ಮುಖ್ಯ ನರ್ಸಿನ ಸಹಿ ಹಾಕಿಸಿದಳು. ಇಪ್ಪತ್ಮೂರರಂದು ನೆಮ್ಮದಿಯಿಂದ ಉಪವಾಸವಿದ್ದು ಜಪ ಮಾಡಿದಳು. ಮರುದಿನ ಸೂರ್ಯ ಹುಟ್ಟಿದ ಮೇಲೆ ಪಾರಣೆ ಮುಗಿಸಿ ಮೊರೀನಳ ಪಾಳಿಗೆ ಓಡಿದಳು.

ಡಿಸೆಂಬರಿನಲ್ಲಿ ಊರಿಗೆ ಬಂದು ಚಿಕ್ಕೋಡಿಯ ಬಸದಿಯಲ್ಲಿ ನೋಂಪಿ ಮುಗಿಸುವ ಉದ್ಯಾಪನೆಯ ಪೂಜೆ ಮಾಡಿಸಿದಳು. ಜಿನ್ನಪ್ಪನವರು ಯಾರ್‍ಯಾರ ಹೆಸರು ಸಂಕಲ್ಪದಲ್ಲಿ ಹೇಳಬೇಕೆಂದು ಕೇಳಿದರು. ಅತ್ತೆ, ಗಂಡ, ಮಕ್ಕಳು ಎಲ್ಲರ ಹೆಸರಾದವು.

"ಇನ್ನೊಂದೈತ್ರಿ. ಮೊರೀನ್."

"ಯಾರವ್ವಾ ಆಕಿ? ನಮ್ಮವರ ಪೈಕಿ ಏನು?"

ಸುಗಂಧಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೌದ್ರಿ. ನಮ್ಮಾಕಿನಽ."

ಜಿನ್ನಪ್ಪನವರು ಕೈಯಲ್ಲಿ ಅಕ್ಷತೆ ಹಿಡಿದು, "ಮೊರೀನಬಾಯಿ," ಎಂದು ಗಟ್ಟಿಯಾಗಿ ಹೇಳಿದರು.